ನಿಮ್ಮ ತರಗತಿಯ ಕಸದ ಬುಟ್ಟಿಯಲ್ಲಿ ಏನಿದೆ?

(ಬೆಂಗಳೂರಿನ ಒಂದು ಹಿರಿಯ ಪ್ರಾಥಮಿಕ ಶಾಲೆಯ ಏಳನೇ ತರಗತಿಯಲ್ಲಿ ಜನವರಿ ಕೊನೆಯ ವಾರ ನೀಡಿದ ಉಪನ್ಯಾಸ)

ಮಕ್ಕಳೇ, ಮೇಷ್ಟ್ರೇ, ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಸುರಿದಿದ್ದೇನಲ್ಲ, ಇದು ಯಾರದೋ ಮನೆ ಕಸ ಅಲ್ಲ. ನಿನ್ನೆ ಸಂಜೆ ನಿಮ್ಮದೇ ಬುಟ್ಟಿಯಲ್ಲಿ ಇದ್ದದ್ದು. ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಿ, ಬೇಜಾರಿಲ್ಲ. ನಾನು ಕೈಗವಸು ಹಾಕಿಕೊಂಡಿದ್ದೇನೆ, ನೀವು ಯಾರೂ ಮುಟ್ಟಬೇಡಿ, ನೋಡಿದರೆ ಸಾಕು.

ಒಂದು ಪ್ರಶ್ನೆ. ಇದರಲ್ಲಿ ನಾರುತ್ತಿರುವುದು ಯಾವುದು? ಪೇಪರ್ ನಾರುವುದಿಲ್ಲ. ಚಿಕ್ಕಿ ಕವರ್ ನಾರುವುದಿಲ್ಲ. ಪೆನ್ಸಿಲ್ ಹೊಟ್ಟಿನ ವಾಸನೆಯಂತೂ ಚೆನ್ನಾಗಿಯೇ ಇರುತ್ತದೆ. ನಾರುತ್ತಿರುವುದು ಇಲ್ಲಿ ಅಂಟಿಕೊಂಡಿರುವ ಸಾಂಬಾರು ಅನ್ನ, ಅಷ್ಟೇ. ಒಂದು ಹಿಡಿಯೂ ಇಲ್ಲ. ಆದರೆ ಅದು ಬುಟ್ಟಿಯ ತಳಕ್ಕೆ ಇಳಿದು, ಸಿಕ್ಕಿದ್ದಕ್ಕೆಲ್ಲ ಅಂಟಿ, ರಾತ್ರಿಯೆಲ್ಲ ಹುಳಿದಿದೆ.

ಈಗ ಈ ಎರಡು ಹಾಳೆ ನೋಡಿ. ಎರಡೂ ಒಂದೇ ನೋಟ್‌ಬುಕ್‌ನಿಂದ ಹರಿದವು. ಮೊದಲನೆಯದು ಒಣಗಿದೆ. ಇಂಥ ಹಾಳೆಗಳನ್ನು ಒಟ್ಟು ಮಾಡಿದರೆ ಗುಜರಿ ಅಂಗಡಿಯವರು ತೂಕ ಹಾಕಿ ದುಡ್ಡು ಕೊಡುತ್ತಾರೆ. ಎರಡನೆಯದಕ್ಕೆ ಸಾಂಬಾರು ಮೆತ್ತಿದೆ. ಇದನ್ನು ಅವರು ತೆಗೆದುಕೊಳ್ಳುವುದಿಲ್ಲ. ಯಾಕೆ? ಕಾಗದದ ಕಾರ್ಖಾನೆಯಲ್ಲಿ ಹಳೇ ಪೇಪರನ್ನು ನೀರಿನಲ್ಲಿ ನೆನೆಸಿ, ಕಡೆದು, ಗಂಜಿಯಂತೆ ಮಾಡಿ, ಅದನ್ನೇ ತೆಳ್ಳಗೆ ಹರಡಿ ಹೊಸ ಕಾಗದ ಮಾಡುತ್ತಾರೆ. ಶಾಯಿ ತಕ್ಕಮಟ್ಟಿಗೆ ಬಿಡುತ್ತದೆ. ಒಗ್ಗರಣೆಯ ಎಣ್ಣೆ ಬಿಡುವುದಿಲ್ಲ. ಎಣ್ಣೆ ಹಾಳೆಗಳು ಜಾಸ್ತಿ ಸೇರಿದರೆ ಹೊಸ ಕಾಗದದಲ್ಲಿ ಕಲೆ, ತೂತು ಬರುತ್ತವೆ. ಹಾಗಾಗಿ ಮೊದಲೇ ಬೇಡ ಅಂತಾರೆ.

ಬುಟ್ಟಿಗೆ ಬೀಳುವ ಮೊದಲು ಈ ಎರಡೂ ಹಾಳೆಗೆ ಒಂದೇ ಬೆಲೆ ಇತ್ತು, ಅಲ್ವಾ? ಬಿದ್ದ ಮೇಲೆ ಒಂದು ಕೆಟ್ಟಿತು. ಬೇರ್ಪಡಿಸುವ ಕೆಲಸ ನಿಮ್ಮ ಕೈಯಲ್ಲೇ ಆಗಬೇಕು ಅನ್ನುವುದು ಇದಕ್ಕೇ. ಆಮೇಲೆ ಪೌರಕಾರ್ಮಿಕರು ಎಷ್ಟೇ ಆರಿಸಿದರೂ, ಒದ್ದೆಯಾದ ಪೇಪರ್ ಮತ್ತೆ ಒಣ ಪೇಪರ್ ಆಗುವುದಿಲ್ಲ.

ನಮ್ಮ ಊರು ಇದನ್ನು ಕಷ್ಟಪಟ್ಟು ಕಲಿತಿದೆ. ಬೆಂಗಳೂರಿನ ಕಸವನ್ನು ಬೆರೆಸಿಕೊಂಡೇ ಲಾರಿಗೆ ತುಂಬಿ ಮಾವಳ್ಳಿಪುರ, ಮಂಡೂರು ಅಂತ ಊರ ಹೊರಗಿನ ಹಳ್ಳಿಗಳಿಗೆ ಕಳಿಸುತ್ತಿದ್ದರು. ಅಲ್ಲಿ ಗುಡ್ಡ ಬೆಳೆಯಿತು, ಬಾವಿ ನೀರು ಕೆಟ್ಟಿತು, ಜನ ಲಾರಿಗಳನ್ನು ತಡೆದರು. ಮಂಡೂರಿಗೆ ಕಸ ಹೋಗುವುದು 2014ರ ಕೊನೆಗೆ ನಿಂತಿತು. ಮರುವರ್ಷ, 2015ರ ಡಿಸೆಂಬರ್‌ನಲ್ಲಿ, ಹೈಕೋರ್ಟ್ ಇಡೀ ಊರಿಗೆ ಒಂದೇ ಲೆಕ್ಕ ಹೇಳಿತು: ಎರಡು ಬುಟ್ಟಿ, ಒಂದು ಚೀಲ. ಹಸಿರು ಬುಟ್ಟಿಗೆ ಹಸಿ ಕಸ. ಕೆಂಪು ಬುಟ್ಟಿಗೆ ಬ್ಯಾಂಡೇಜ್, ಮಾಸ್ಕ್, ಪ್ಯಾಡ್ ಇಂಥವು. ಚೀಲಕ್ಕೆ ಒಣ ಕಸ. ನಿಮ್ಮ ಮನೆ ಮುಂದೆ ಬರುವ ಆಟೋ ಟಿಪ್ಪರ್ ಕೇಳುವುದೂ ಇದನ್ನೇ.

ಹಾಗಾದರೆ ಮೇಜಿನ ಮೇಲಿನದನ್ನು ಹಂಚೋಣ. ಬಾಳೆಹಣ್ಣಿನ ಸಿಪ್ಪೆ, ಮೊಟ್ಟೆ ಚಿಪ್ಪು: ಹಸಿರು. ಯಾರೋ ಬೆರಳಿಗೆ ಸುತ್ತಿದ್ದ ಬ್ಯಾಂಡೇಜ್: ಪೇಪರ್‌ನಲ್ಲಿ ಸುತ್ತಿ ಕೆಂಪು. ಮುರಿದ ಸ್ಕೇಲು, ಖಾಲಿ ರೀಫಿಲ್: ಚೀಲ. ಸಾಂಬಾರು ಹಾಳೆ? ಒಣ ಕಸ ಅಂತ ಕೂಗಿದಿರಿ. ಅಲ್ಲ. ಊಟ ಮೆತ್ತಿದ ಪೇಪರನ್ನು ಚೂರು ಮಾಡಿ ಹಸಿರು ಬುಟ್ಟಿಗೇ ಹಾಕಿ, ಅದು ಸಿಪ್ಪೆಯ ಜೊತೆ ಕೊಳೆಯುತ್ತದೆ.

ಈ ಚಿಪ್ಸ್ ಪ್ಯಾಕೆಟ್ ಮಾತ್ರ ಸ್ವಲ್ಪ ಮೋಸಗಾರ. ಒಳಗೆ ಬೆಳ್ಳಿಯಂತೆ ಹೊಳೆಯುತ್ತದೆ, ನೋಡಿದರೆ ಅಲ್ಯೂಮಿನಿಯಂ ಹಾಳೆ ಅನಿಸುತ್ತದೆ. ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಚುಕಿ ಬಿಡುತ್ತೇನೆ, ನೋಡಿ. ತಾನಾಗಿ ಅರಳಿಕೊಂಡಿತು. ನಿಜವಾದ ಅಲ್ಯೂಮಿನಿಯಂ ಹಾಳೆಯಾಗಿದ್ದರೆ ಹಿಚುಕಿದ ಹಾಗೇ ಮುದ್ದೆಯಾಗಿ ಕೂರುತ್ತಿತ್ತು. ಇದು ಪ್ಲಾಸ್ಟಿಕ್ ಪದರಗಳ ಮಧ್ಯೆ ಲೋಹದ ತೆಳು ಲೇಪ. ಆ ಪದರಗಳನ್ನು ಬಿಡಿಸುವುದು ಕಷ್ಟ, ಅದಕ್ಕೇ ಗುಜರಿಯವರು ಕೊಳ್ಳುವುದಿಲ್ಲ. ಒಣ ಕಸದ ಕೇಂದ್ರದವರು ಇಂಥದ್ದನ್ನು ಕಟ್ಟು ಕಟ್ಟಿ ಸಿಮೆಂಟ್ ಕಾರ್ಖಾನೆಗೆ ಉರುವಲಾಗಿ ಕಳಿಸುತ್ತಾರೆ. ಚೀಲಕ್ಕೇ ಹಾಕಿ, ಆದರೆ ಇದು ಮತ್ತೆ ಪ್ಯಾಕೆಟ್ ಆಗಿ ಬರುತ್ತದೆ ಅಂದುಕೊಳ್ಳಬೇಡಿ.

ಹಾಲಿನ ಕವರ್ ಹಾಗಲ್ಲ. ಅದು ಒಂದೇ ಬಗೆಯ ಪ್ಲಾಸ್ಟಿಕ್, ತೊಳೆದು ಒಣಗಿಸಿದ್ದರೆ ಬೆಲೆ ಇದೆ. ಮನೆಯಲ್ಲಿ ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತುಂಡು ಮಾಡದೆ ಒಂಚೂರು ಅಂಟಿಕೊಂಡಿರುವಂತೆ ಬಿಡಿ ಅಂತ ಅಮ್ಮನಿಗೋ ಅಜ್ಜಿಗೋ ಹೇಳಿ. ಆ ಉಗುರಗಲದ ತುಂಡನ್ನು ಯಾರೂ ಆರಿಸುವುದಿಲ್ಲ. ಸಿಂಕ್‌ನಿಂದ ಮೋರಿಗೆ ಹೋಗುವುದು ಅದೇ.

ಈಗ ಪೇಪರ್‌ಗೆ ವಾಪಸ್ ಬರೋಣ. ನಿಮ್ಮ ಬುಟ್ಟಿಯಲ್ಲಿ ಅದೇ ಜಾಸ್ತಿ ಇದೆ. ಗುಜರಿಗೆ ಹಾಕುವ ಮೊದಲು ಇನ್ನೊಂದು ಕೆಲಸ ಬಾಕಿ ಇದೆ: ಮತ್ತೆ ಬಳಸುವುದು. ಪರೀಕ್ಷೆ ಮುಗಿದ ದಿನ ನಿಮ್ಮ ಎಲ್ಲ ನೋಟ್‌ಬುಕ್‌ಗಳಲ್ಲೂ ಖಾಲಿ ಹಾಳೆ ಉಳಿದಿರುತ್ತವೆ. ಸುಮ್ನೆ ಕಿತ್ತರೆ ಎಲ್ಲಾ ಕಳಚಿ ಬರುತ್ತದೆ, ಯಾಕೆ ಅಂತ ಯೋಚಿಸಿದ್ದೀರಾ?

ಮಧ್ಯಕ್ಕೆ ಪಿನ್ ಹೊಡೆದ ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ನೂರು ಪುಟ ಅಂದರೆ 50 ಹಾಳೆ. ಆದರೆ ಒಳಗಿರುವುದು ಮಡಚಿದ 25 ದೊಡ್ಡ ಹಾಳೆಗಳು. ಮೊದಲ ಹಾಳೆಯೂ ಕೊನೇ ಹಾಳೆಯೂ ಒಂದೇ ಕಾಗದದ ಎರಡು ರೆಕ್ಕೆ. ನೀವು 20 ಹಾಳೆ ಬರೆದು ನಿಲ್ಲಿಸಿದ್ದೀರಿ ಅಂದುಕೊಳ್ಳಿ. 30 ಖಾಲಿ. ಅದರಲ್ಲಿ ಕೊನೆಯ 20, ಬರೆದ 20ಕ್ಕೆ ಅಂಟಿಕೊಂಡಿವೆ. ಪೂರ್ತಿ ಖಾಲಿ ಇರುವುದು ನಡುವಿನ 10, ಅಂದರೆ ಮಡಚಿದ 5 ದೊಡ್ಡ ಹಾಳೆ. ಪಿನ್ ಬಿಚ್ಚಿದರೆ ಇವು ಹರಿಯದೆ ಜೋಡಿಯಾಗಿ ಬರುತ್ತವೆ. ಉಳಿದ 20ನ್ನು ಮಡಿಕೆಯ ಗೆರೆಯಲ್ಲಿ ಸ್ಕೇಲಿಟ್ಟು ಬಿಡಿಸಬೇಕು, ಅವು ಬಿಡಿ ಹಾಳೆ. 30 ಹಾಳೆ ಬರೆದಿದ್ದರೆ ಜೋಡಿ ಹಾಳೆ ಒಂದೂ ಸಿಗುವುದಿಲ್ಲ. ಯಾಕೆ ಅಂತ ಲೆಕ್ಕ ಹಾಕಿ ಮೇಷ್ಟ್ರಿಗೆ ಹೇಳಿ.

ಜೋಡಿ ಹಾಳೆಗಳನ್ನು ಒಂದರೊಳಗೊಂದು ಇಟ್ಟು, ನಡುವಿನ ಮಡಿಕೆಯಲ್ಲೇ ದಾರ ಹಾಕಿ ಹೊಲಿಯಬಹುದು. ಪುಸ್ತಕ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ. ಬಿಡಿ ಹಾಳೆಗೆ ಹಾಗೆ ಆಗುವುದಿಲ್ಲ. ಅವನ್ನು ಅಳತೆ ನೋಡಿ ಜೋಡಿಸಿ, ಮೇಜಿಗೆ ಕುಟ್ಟಿ ಅಂಚು ಸಮ ಮಾಡಿ, ಕ್ಲಿಪ್ ಹಾಕಿ ಬಿಗಿ ಹಿಡಿದು, ಎಡ ಅಂಚಿನಿಂದ ಒಂದು ಬೆರಳು ಒಳಗೆ ದಬ್ಬಣದಿಂದ ಮೂರು ತೂತು ಹೊಡೆದು ಹೊಲಿಯಬೇಕು. ದಬ್ಬಣದ ಕೆಲಸ ಮೇಷ್ಟ್ರದು. ಒಂದು ಸಲಕ್ಕೆ 40 ಹಾಳೆ ದಾಟಬೇಡಿ, ದಾಟಿದರೆ ದಬ್ಬಣ ಓರೆಯಾಗಿ ಹಿಂದಿನ ಹಾಳೆಗಳು ಹರಿಯುತ್ತವೆ. ಹಳೇ ಕ್ಯಾಲೆಂಡರ್ ಹಾಳೆಯ ಹೊದಿಕೆ ಹಾಕಿ. ಗೆರೆ ಹಾಳೆ, ಚೌಕದ ಹಾಳೆ ಬೇರೆ ಬೇರೆ ಇರಲಿ, ಇಲ್ಲದಿದ್ದರೆ ಆ ಪುಸ್ತಕವನ್ನು ಯಾರೂ ಬಳಸುವುದಿಲ್ಲ. ಸೋಡಾ ಬಾಟಲಿಗೆ ಬಣ್ಣ ಹಚ್ಚಿ ಹೂದಾನಿ ಮಾಡಿ ಪ್ರದರ್ಶನಕ್ಕೆ ಇಡುತ್ತಾರಲ್ಲ, ಅದಕ್ಕಿಂತ ನನಗೆ ಈ ರಫ್ ಬುಕ್ಕೇ ಇಷ್ಟ. ಹೂದಾನಿ ಪ್ರದರ್ಶನ ಮುಗಿದ ಮೇಲೆ ಬಣ್ಣದ ಸಮೇತ ಕಸಕ್ಕೇ ಹೋಗುತ್ತದೆ.

ಇನ್ನು ಸಿಪ್ಪೆ. ಒಂದು ಹಳೇ ಬಕೆಟ್, ತಳದಲ್ಲೂ ಪಕ್ಕದಲ್ಲೂ ತೂತು, ಕೆಳಗೊಂದು ತಟ್ಟೆ. ಒಂದು ಡಬ್ಬ ಚೂರು ಮಾಡಿದ ಸಿಪ್ಪೆಗೆ ಎರಡು ಡಬ್ಬ ಒಣ ಎಲೆ. ಮೇಲೆ ಯಾವಾಗಲೂ ಎಲೆಯೇ ಕಾಣಬೇಕು. ಇನ್ನೊಂದು ತಿಂಗಳಲ್ಲಿ ನಿಮ್ಮ ಮೈದಾನದ ಹೊಂಗೆ ಮರ ಎಲೆ ಉದುರಿಸುತ್ತದೆ, ಗೋಣಿಚೀಲದಲ್ಲಿ ತುಂಬಿಟ್ಟುಕೊಳ್ಳಿ. ಪೆನ್ಸಿಲ್ ಹೊಟ್ಟೂ ಇದಕ್ಕೆ ಆಗುತ್ತದೆ. ಅನ್ನ ಸಾಂಬಾರು ಬೇಡ, ಅದು ಹಸಿರು ಬುಟ್ಟಿಯಿಂದ ಟಿಪ್ಪರ್‌ಗೇ ಹೋಗಲಿ. ಉಪ್ಪು, ಎಣ್ಣೆ, ನೀರು ಮೂರೂ ಸೇರಿ ಸಣ್ಣ ಬಕೆಟ್ ತಡೆಯುವುದಿಲ್ಲ, ಇಲಿಯೂ ಬರುತ್ತದೆ.

ವಾರಕ್ಕೊಮ್ಮೆ ಕೋಲಿನಿಂದ ತಿರುವಿ, ಕೈಗವಸು ಹಾಕಿ ಒಂದು ಹಿಡಿ ಹಿಂಡಿ. ಒಂದೆರಡು ಹನಿ ಬಂದರೆ ಸರಿ. ನೀರು ಸುರಿದರೆ ಒದ್ದೆ ಜಾಸ್ತಿ, ಗಾಳಿ ಆಡುತ್ತಿಲ್ಲ, ಕೊಳೆತ ಮೊಟ್ಟೆ ವಾಸನೆ ಬರುತ್ತದೆ. ಆಗ ಎಲೆ ಸೇರಿಸಿ ತಿರುವಿ. ಪುಡಿಪುಡಿಯಾಗಿ ಇರುವೆ ಬಂದಿದ್ದರೆ ಒಣಗಿದೆ, ನೀರು ಚಿಮುಕಿಸಿ. ಗೊಬ್ಬರ ಆಗಲು ಎರಡು ಮೂರು ತಿಂಗಳು ಬೇಕು. ಮೊಟ್ಟೆ ಚಿಪ್ಪು ಆಗಲೂ ಕಾಣಿಸುತ್ತಿರುತ್ತದೆ, ಮೊದಲೇ ಪುಡಿ ಮಾಡಿ ಹಾಕಿ.

ಈಗ ನಿಮ್ಮ ತರಗತಿಯ ಯೋಜನೆ. ಬೋರ್ಡಿನ ಮೇಲೆ ಒಬ್ಬರು ಬರೆಯುತ್ತಾ ಹೋಗಿ.

ಮೊದಲ ವಾರ ಏನನ್ನೂ ಬದಲಿಸಬೇಡಿ. ದಿನಾ ಸಂಜೆ ಈಗಿನ ಬುಟ್ಟಿಯನ್ನು ಹಾಗೇ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ, ಖಾಲಿ ಬುಟ್ಟಿಯ ತೂಕ ಕಳೆದು, ಚಾರ್ಟ್‌ನಲ್ಲಿ ಬರೆಯಿರಿ. ಇದು ಇಲ್ಲದಿದ್ದರೆ ಆಮೇಲೆ ಕಡಿಮೆಯಾಯಿತೋ ಇಲ್ಲವೋ ಗೊತ್ತಾಗುವುದಿಲ್ಲ.

ಎರಡನೇ ವಾರದಿಂದ ಹಸಿರು ಬುಟ್ಟಿ ಊಟ ಮಾಡುವ ವರಾಂಡದಲ್ಲಿ, ತರಗತಿಯ ಒಳಗೆ ಬೇಡ. ಒಳಗೆ ಹಿಂದಿನ ಗೋಡೆಗೆ ಒಣ ಕಸದ ಚೀಲ, ಪಕ್ಕದಲ್ಲಿ ಒಂದು ರಟ್ಟಿನ ಡಬ್ಬ. ಒಂದು ಬದಿ ಖಾಲಿ ಇರುವ ಹಾಳೆ ಆ ಡಬ್ಬಕ್ಕೆ, ಎರಡೂ ಬದಿ ತುಂಬಿದ್ದು ಚೀಲಕ್ಕೆ. ಮುಚ್ಚಳದ ಕೆಂಪು ಬುಟ್ಟಿ ಮೇಷ್ಟ್ರ ಮೇಜಿನ ಹತ್ತಿರ ಒಂದು, ಹುಡುಗಿಯರ ಶೌಚಾಲಯದಲ್ಲಿ ಒಂದು. ಟಿಪ್ಪರ್‌ನವರು ಒಣ ಕಸ ಯಾವ ದಿನ ಒಯ್ಯುತ್ತಾರೆ ಅಂತ ಇಬ್ಬರು ಹೋಗಿ ಕೇಳಿಕೊಂಡು ಬನ್ನಿ, ಮೇಷ್ಟ್ರು ಜೊತೆಗಿರಲಿ.

ವಾರಕ್ಕೆ ಇಬ್ಬರ ಸರದಿ, ಹಾಜರಿ ಪುಸ್ತಕದ ಕ್ರಮದಲ್ಲಿ. ಹುಡುಗಿಯರಿಗೇ ಗುಡಿಸುವುದು, ಹುಡುಗರಿಗೆ ಬರೆಯುವುದು ಅಂತ ಹಂಚಬೇಡಿ. ಸರದಿಯವರ ಕೆಲಸ ನೋಡುವುದು, ಬರೆಯುವುದು. ಚೀಲದಲ್ಲಿ ತಪ್ಪಾಗಿ ಬಿದ್ದದ್ದು ಎಷ್ಟು ಅಂತ ಎಣಿಸಿ, ಹೆಸರು ಬೇಡ, ಸಂಖ್ಯೆ ಸಾಕು. ಬೇರೆಯವರು ಹಾಕಿದ್ದಕ್ಕೆ ಅವರು ಕೈ ಹಾಕುವಂತಿಲ್ಲ. ಹಾಕಿದವರೇ ಬಂದು ಚಿಮ್ಮಟದಿಂದ ತೆಗೆಯಬೇಕು. ಗಾಜು, ಬ್ಲೇಡು ಕಂಡರೆ ಯಾರೂ ಮುಟ್ಟದೆ ಮೇಷ್ಟ್ರನ್ನು ಕರೆಯಿರಿ.

ಫೆಬ್ರವರಿ ಕೊನೆಗೆ ಎಲೆ ಸಿಕ್ಕ ಮೇಲೆ ಗೊಬ್ಬರದ ಬಕೆಟ್ ಶುರು. ಬೇಸಿಗೆ ರಜೆಯಲ್ಲಿ ತಿರುವಲು ಶಾಲೆ ಹತ್ತಿರದಲ್ಲೇ ಮನೆ ಇರುವ ಮೂವರು ಬೇಕು, ಅವರನ್ನು ಈಗಲೇ ಗೊತ್ತು ಮಾಡಿ. ಪರೀಕ್ಷೆ ಮುಗಿದ ಮರುದಿನ ಎಲ್ಲರೂ ನೋಟ್‌ಬುಕ್ ತಂದು ಹಾಳೆ ಬಿಡಿಸುವುದು. ಹೊಲಿದ ಪುಸ್ತಕಗಳು ಜೂನ್‌ನಲ್ಲಿ ಈ ಕೋಣೆಗೆ ಬರುವ ಆರನೇ ತರಗತಿಯವರಿಗೆ.

ಬರೆದಾಯಿತಾ? ಸರಿ, ಹಾಜರಿ ಪುಸ್ತಕದ ಮೊದಲ ಇಬ್ಬರು ಎದ್ದು ಬನ್ನಿ. ಇವತ್ತಿನ ಬುಟ್ಟಿ ತೂಗಬೇಕು.