ಸಬ್‌ನೆಟ್ ಲೆಕ್ಕದಲ್ಲಿ ಮಾರ್ಕ್ಸ್ ಎಲ್ಲೆಲ್ಲಿ ಕೂತಿರ್ತವೆ

ಕೇಳುಗರಿಗೆ ನಮಸ್ಕಾರ. ಕಂಪ್ಯೂಟರ್ ನೆಟ್‌ವರ್ಕ್ಸ್ ಪರೀಕ್ಷೆ ಬರೆಯೋ ದಾವಣಗೆರೆ, ಚಿತ್ರದುರ್ಗದ ಹುಡುಗ್ರು ಹುಡುಗೀರು ಒಂದು ಪೆನ್ನು, ಹಾಳೆ ತಗೊಂಡು ಕೂತ್ಕೊಳ್ರಿ, ಇವತ್ತು ಒಂದೇ ಒಂದು ಲೆಕ್ಕ ಮಾಡೋಣ. ಆದ್ರೆ ಪೇಪರ್ ನೋಡೋರು ಯಾವ ಸಾಲಿಗೆ ಮಾರ್ಕ್ಸ್ ಹಾಕ್ತಾರೆ ಅನ್ನೋದನ್ನ ನೋಡ್ಕೊಂತ ಮಾಡೋಣ.

ಪ್ರಶ್ನೆ ಹಿಂಗೈತೆ ಅಂತ ಇಟ್ಕೊಳ್ರಿ. ವಿದ್ಯಾನಗರದಲ್ಲಿ ಒಂದು ಕಾಲೇಜು, ಅದರ ಲೈಬ್ರರಿ ಪಿ.ಬಿ. ರೋಡಿನ ಬೇರೆ ಕಟ್ಟಡದಲ್ಲಿದೆ. ಎ ಲ್ಯಾಬಲ್ಲಿ 50 ಕಂಪ್ಯೂಟರ್, ಬಿ ಲ್ಯಾಬಲ್ಲಿ 100, ಲೈಬ್ರರೀಲಿ 28. ಎರಡು ಕಟ್ಟಡಕ್ಕೂ ಒಂದೊಂದು ರೌಟರ್, ಆ ಎರಡು ರೌಟರ್ ನಡುವೆ ಒಂದು ಲಿಂಕ್. ಕೊಟ್ಟಿರೋ ವಿಳಾಸ 192.168.20.0/24. ಹಂಚಿ ತೋರ್ಸಿ, 10 ಮಾರ್ಕ್ಸ್. ಮೊದಲ ಮೂರು ಅಂಕಿ ಎಲ್ಲೂ ಬದಲಾಗಲ್ಲ, ಅದಕ್ಕೆ ನಾನು ಇನ್ಮೇಲೆ ಕೊನೇ ಅಂಕಿ ಅಷ್ಟೇ ಹೇಳ್ತೀನಿ, ನೀವು ಮಾತ್ರ ಉತ್ತರ ಪತ್ರಿಕೇಲಿ ಪೂರ್ತಿ ಬರೀರಿ.

ಮೊದಲು ಯಾರಿಗೆ ಎಷ್ಟು ಬೇಕು ಅಂತ ನೋಡ್ಬೇಕು. ಬಿ ಲ್ಯಾಬಲ್ಲಿ ಕಂಪ್ಯೂಟರ್ 100, ಅದಕ್ಕೆ ರೌಟರ್‌ದೊಂದು ಅಂದ್ರೆ ಗೇಟ್‌ವೇ ಸೇರಿ 101, ಆಮೇಲೆ ನೆಟ್‌ವರ್ಕ್ ಅಡ್ರೆಸ್ಸು, ಬ್ರಾಡ್‌ಕಾಸ್ಟ್ ಅಡ್ರೆಸ್ಸು ಅಂತ ಯಾವ ಮಶೀನಿಗೂ ಕೊಡೋಕಾಗದ ಎರಡು, ಒಟ್ಟು 103. ಬ್ಲಾಕುಗಳು ಎರಡರ ಘಾತದಲ್ಲೇ ಸಿಗೋದ್ರಿಂದ 128ರ ಬ್ಲಾಕು ಬೇಕು. ಎ ಲ್ಯಾಬಿಗೆ 53, ಸೋ 64. ಲೈಬ್ರರಿಗೆ 31, ಅದಕ್ಕೆ 32 ಸಾಕು. ಲಿಂಕಿನ ಎರಡು ತುದೀಲಿ ಇರೋದೇ ರೌಟರು, ಬೇರೆ ಗೇಟ್‌ವೇ ಅಂತ ಇಲ್ಲ, ಎರಡಕ್ಕೆ ಎರಡು ಕೂಡಿದ್ರೆ 4. ಈ ನಾಲ್ಕು ಸೈಜಿಗೆ ನಾನು ಒಂದೊಂದು ಮಾರ್ಕ್ ಹಾಕ್ತೀನಿ, ಕೂಡಿದ್ದು ಕಾಣ್ಬೇಕು ಮಾತ್ರ, ಬರೇ 128 ಅಂತ ಬರೆದು ಬಿಟ್ರೆ ಅದು ಲೆಕ್ಕದಿಂದ ಬಂತೋ ಪಕ್ಕದ ಬೆಂಚಿಂದ ಬಂತೋ ನಮಗೆ ಹೆಂಗೆ ಗೊತ್ತಾಗ್ಬೇಕು.

ಗೇಟ್‌ವೇ ಹತ್ರ ಸ್ವಲ್ಪ ನಿಲ್ಲೋಣ, ಯಾಕಂದ್ರೆ ಪ್ರಶ್ನೆ ತೆಗೆಯೋರಿಗೆ ಈ ಜಾಗ ಬಾಳ ಇಷ್ಟ. ಲೈಬ್ರರೀಲಿ 28ರ ಬದಲು 30 ಕಂಪ್ಯೂಟರ್ ಇದ್ದಿದ್ರೆ? 30ಕ್ಕೆ 2 ಕೂಡಿ 32, ಸರಿಯಾಗಿ ಹಿಡಿಸ್ತು ಅಂತ ಖುಷಿಯಾಗಿ ಬರೀತಾರೆ, ರೌಟರಿಗೆ ಅಡ್ರೆಸ್ಸೇ ಉಳಿದಿರಲ್ಲ. ಅದನ್ನೂ ಸೇರ್ಸಿದ್ರೆ 33, ಆಗ 64ರ ಬ್ಲಾಕೇ ಬೇಕು, 128, 64, 64 ಕೂಡಿದ್ರೆ ಅಲ್ಲಿಗೇ 256 ಮುಗೀತು, ಲಿಂಕಿಗೆ ಜಾಗಾನೇ ಇಲ್ಲ. ಅಂಥಾ ಕಡೆ ಕೆಲವರು ಲಿಂಕಿಗೆ 192.168.20.256 ಅಂತ ಬರೀತಾರೆ, ಅದು ಇಲ್ಲದೇ ಇರೋ ವಿಳಾಸ ಕಣ್ರಪ್ಪ, ಯಾವ ಅಂಕಿನೂ 255 ದಾಟಂಗಿಲ್ಲ. ಪ್ರಶ್ನೇಲಿ ಕಂಪ್ಯೂಟರ್ ಅನ್ನದೆ 30 ಹೋಸ್ಟ್ ಅಂತ ಕೊಟ್ಟಿದ್ರೆ ಮಾತು ಬೇರೆ, ರೌಟರಿನ ಇಂಟರ್‌ಫೇಸೂ ಅದ್ರಲ್ಲೇ ಸೇರಿದೆ ಅಂತ ತಗೊಂಡು, ಹಂಗೆ ತಗೊಂಡಿದೀನಿ ಅಂತ ಒಂದು ಸಾಲು ಬರೀರಿ. ಆ ಒಂದು ಸಾಲು ಇದ್ರೆ ನಾನಂತೂ ಮಾರ್ಕ್ಸ್ ಕಟ್ ಮಾಡಲ್ಲ.

ಈಗ ಹಂಚಿಕೆ. ದೊಡ್ಡದನ್ನ ಮೊದಲು ಕೂರ್ಸಿ. ಬಿ ಲ್ಯಾಬಿಗೆ 0ಯಿಂದ 127, ಸ್ಲ್ಯಾಶ್ 25. ಎ ಲ್ಯಾಬಿಗೆ 128ರಿಂದ 191, ಸ್ಲ್ಯಾಶ್ 26. ಲೈಬ್ರರಿಗೆ 192ರಿಂದ 223, ಸ್ಲ್ಯಾಶ್ 27. ಲಿಂಕಿಗೆ 224ರಿಂದ 227, ಸ್ಲ್ಯಾಶ್ 30. ಮಾಸ್ಕಿನ ಕೊನೇ ಅಂಕಿ ಬೇಕಂದ್ರೆ 256ರಲ್ಲಿ ಬ್ಲಾಕ್ ಸೈಜು ಕಳೀರಿ, ಸಾಲಾಗಿ 128, 192, 224, 252 ಬರುತ್ತೆ. ನೆಟ್‌ವರ್ಕ್ ಅಡ್ರೆಸ್ಸು, ಮಾಸ್ಕು ಎರಡೂ ಸರಿ ಇದ್ರೆ ಪ್ರತಿ ಜಾಲಕ್ಕೆ ಒಂದು, ಅಲ್ಲಿಗೆ 4 ಮಾರ್ಕ್ಸ್. ಉಳಿದ ಎರಡು ಮಾರ್ಕ್ಸು ಅರ್ಧರ್ಧವಾಗಿ, ಮಶೀನಿಗೆ ಕೊಡೋ ರೇಂಜು ಮತ್ತು ಬ್ರಾಡ್‌ಕಾಸ್ಟಿಗೆ. ಲೈಬ್ರರಿದು ತಗೊಂಡ್ರೆ 193ರಿಂದ 222ರ ತನಕ ಕೊಡಬಹುದು, 223 ಬ್ರಾಡ್‌ಕಾಸ್ಟು.

ಎಡವೋದು ಎಲ್ಲಿ ಅಂದ್ರೆ, ಪ್ರಶ್ನೇಲಿ ಎ ಲ್ಯಾಬು ಮೊದಲು ಇದೆ ಅಂತ ಅದನ್ನೇ ಮೊದಲು ತಗೊಂಡು 0ಯಿಂದ 63 ಕೊಟ್ಬಿಡ್ತಾರೆ, ಆಮೇಲೆ ಬಿ ಲ್ಯಾಬಿಗೆ 64ರಿಂದ ಶುರು, ಸ್ಲ್ಯಾಶ್ 25 ಅಂತ. ನೋಡೋಕೆ ಸರಿಯಾಗೇ ಕಾಣುತ್ತೆ. ಆದ್ರೆ 128ರ ಬ್ಲಾಕು 0ಯಲ್ಲೋ 128ರಲ್ಲೋ ಶುರುವಾಗ್ಬೇಕೇ ಹೊರತು 64ರಲ್ಲಿ ಆಗಲ್ಲ, ಸ್ಲ್ಯಾಶ್ 25 ಮಾಸ್ಕ್ ಹಾಕಿದ್ರೆ 64 ಅನ್ನೋದು 0ಯಿಂದ 127ರ ಜಾಲದೊಳಗಿನ ಒಂದು ಸಾದಾ ವಿಳಾಸ ಅಷ್ಟೇ, ಅಂದ್ರೆ ಎ ಲ್ಯಾಬಿನ ಮೇಲೇ ಹೋಗಿ ಕೂತಂಗಾಯ್ತು. ಸಿಸ್ಕೋ ರೌಟರ್ ಇದ್ರೆ ಎರಡನೇ ಇಂಟರ್‌ಫೇಸಿಗೆ ಹಿಂಗೆ ಕೊಟ್ಟು ನೋಡ್ರಿ:

```
ip address 192.168.20.65 255.255.255.128
% 192.168.20.0 overlaps with GigabitEthernet0/0
```

ಮೊದಲ್ನೇ ಇಂಟರ್‌ಫೇಸಲ್ಲಿ ಎ ಲ್ಯಾಬು ಇದ್ರೆ ರೌಟರು ಹಿಂಗೆ ಅಂತದೆ, ತಗೊಳ್ಳೋದೇ ಇಲ್ಲ. ಪರೀಕ್ಷೇಲಿ ರೌಟರ್ ಇರಲ್ಲ, ಅದಕ್ಕೆ ಶುರುವಿನ ಅಂಕಿನ ಬ್ಲಾಕ್ ಸೈಜಿಂದ ಭಾಗಿಸ್ರಿ, ಶೇಷ ಉಳಿದ್ರೆ ತಪ್ಪು. ಚಿಕ್ಕದನ್ನ ಮೊದಲು ಕೂರಿಸಿದ್ರೆ ಉತ್ತರ ಬರೋದೇ ಇಲ್ಲ ಅಂತೇನಿಲ್ಲ ಮತ್ತೆ. ಇದೇ ಲೆಕ್ಕದಲ್ಲಿ ಲಿಂಕಿಗೆ 0, ಲೈಬ್ರರಿಗೆ 32, ಎ ಲ್ಯಾಬಿಗೆ 64, ಬಿ ಲ್ಯಾಬಿಗೆ 128 ಅಂತ ಶುರು ಮಾಡಿದ್ರೂ ಎಲ್ಲಾ ಕೂತ್ಕೊಳ್ತವೆ, ಪೂರ್ತಿ ಮಾರ್ಕ್ಸ್ ಕೊಡ್ಲೇಬೇಕು. ದೊಡ್ಡದರಿಂದ ಹೋದ್ರೆ ಮಧ್ಯ ಸಂದಿ ಬೀಳಲ್ಲ, ಶೇಷದ ತಲೆನೋವಿಲ್ಲ, ಅಷ್ಟೇ ಲಾಭ.

ಇನ್ನೊಂದು, ಹಳೇ ಪುಸ್ತಕಗಳಲ್ಲಿ ಮೊದಲ್ನೇ ಸಬ್‌ನೆಟ್ಟು, ಕೊನೇ ಸಬ್‌ನೆಟ್ಟು ಬಳಸ್ಬೇಡಿ ಅಂತ ಇರುತ್ತೆ. ಅದು 1985ರ ಆರ್‌ಎಫ್‌ಸಿ 950 ಕಾಲದ ಪದ್ಧತಿ. 1995ರ ಆರ್‌ಎಫ್‌ಸಿ 1878 ಹೊತ್ತಿಗೇ ಅದು ಹಳೇದಾಯ್ತು, ಈಗ 0ಯಿಂದಾನೇ ಶುರು ಮಾಡ್ರಿ.

ಈ ಪ್ರಶ್ನೆಗೆ ಒಂದು ಬಾಲನೂ ಇರುತ್ತೆ, 3 ಮಾರ್ಕ್ಸಿಂದು. ಹೊಸದಾಗಿ ಆಫೀಸಿಗೆ 12 ಕಂಪ್ಯೂಟರ್ ಬಂದ್ವು, ಮೊದಲಿನ ಹಂಚಿಕೆ ಮುಟ್ಟದೆ ಜಾಗ ಕೊಡಿ ಅಂತ. 12, ಗೇಟ್‌ವೇ 1, ಮತ್ತೆರಡು, 15 ಆಯ್ತು, 16ರ ಬ್ಲಾಕು, ಸ್ಲ್ಯಾಶ್ 28. ಇಲ್ಲಿಗೊಂದು ಮಾರ್ಕು. ಖಾಲಿ ಇರೋದು 228ರಿಂದ, ಎಲ್ಲರೂ ಕಣ್ಣು ಮುಚ್ಕೊಂಡು 228 ಸ್ಲ್ಯಾಶ್ 28 ಅಂತ ಬರ್ದೇ ಬಿಡ್ತಾರೆ. 228ನ್ನ 16ರಿಂದ ಭಾಗಿಸಿ ನೋಡ್ರಿ, 4 ಉಳಿಯುತ್ತೆ. ಅಂದ್ರೆ ಅದು 224ರಿಂದ 239ರ ಬ್ಲಾಕಿಗೆ ಸೇರಿದ್ದು, ಆ ಬ್ಲಾಕಿನ ತಲೇಲೇ ನಮ್ಮ ಲಿಂಕು ಕೂತಿದೆ. ಮುಂದಿನ 16ರ ಗುಣಕ 240, ಅದೇ ಆಫೀಸಿನ ನೆಟ್‌ವರ್ಕ್ ಅಡ್ರೆಸ್ಸು, ಮಾಸ್ಕ್ 255.255.255.240, ಇದು ಎರಡನೇ ಮಾರ್ಕು. 241ರಿಂದ 254 ಮಶೀನಿಗೆ, 255 ಬ್ರಾಡ್‌ಕಾಸ್ಟು, ಮೂರನೇದು. ಮಧ್ಯ 228ರಿಂದ 239 ಅಂತ 12 ವಿಳಾಸ ಹಂಗೇ ಉಳೀತವೆ, ಮುಂದೆ ರೌಟರ್ ಲಿಂಕು ಬಂದ್ರೆ ಸ್ಲ್ಯಾಶ್ 30ದು ಮೂರು ಅಲ್ಲಿ ಹಿಡಿಸ್ತವೆ, 228, 232, 236.