ಒಂದು ಚಮಚ ನೀಲಗಿರಿ ಎಣ್ಣೆ

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ಒಂದು ಸಣ್ಣ ಕೆಲಸ. ಈ ಬಿಳಿ ಕಾಗದದ ಮೇಲೆ ಒಂದು ಕಡೆ ಅಡುಗೆ ಎಣ್ಣೆಯ ಹನಿ ಹಾಕಿದ್ದೇನೆ, ಪಕ್ಕದಲ್ಲಿ ನೀಲಗಿರಿ ಎಣ್ಣೆಯ ಹನಿ. ಕಾಗದ ಇಲ್ಲೇ ಮೇಜಿನ ಮೇಲಿರಲಿ, ಆಮೇಲೆ ನೋಡೋಣ.

ಮಕ್ಕಳ ತುರ್ತು ಚಿಕಿತ್ಸೆಯಲ್ಲಿ ಕೆಲಸ ಮಾಡುವವಳು ನಾನು. ಸುಗಂಧ ತೈಲಗಳ ಬಗ್ಗೆ ಹೇಳಬೇಕಾದದ್ದು ತುಂಬಾ ಇದೆ. ಇವತ್ತು ನೀಲಗಿರಿ ಎಣ್ಣೆಯನ್ನೇ ಹಿಡಿದು ಹೇಳುತ್ತೇನೆ. ಯಾಕಂದ್ರೆ ಮಗುವಿಗೆ ನೆಗಡಿ ಆದಾಗಲೇ ಈ ಬಾಟಲಿ ಹೊರಗೆ ಬರುತ್ತದೆ, ಮಗುವಿನ ಕೈಗೆಟಕುವ ಜಾಗದಲ್ಲೇ ಕೂರುತ್ತದೆ.

ಎರಡು ವರ್ಷದ ಒಂದು ಮಗುವನ್ನು ಕಣ್ಣ ಮುಂದೆ ತಂದುಕೊಳ್ಳಿ. ತೂಕ 12 ಕೆಜಿ. ರಾತ್ರಿ ಕೆಮ್ಮು ಜಾಸ್ತಿಯಾಗಿದೆ. ಮಂಚದ ಪಕ್ಕ ಎರಡು ಸಣ್ಣ ಕಂದು ಬಾಟಲಿಗಳಿವೆ. ಒಂದು ಕೆಮ್ಮಿನ ಸಿರಪ್, ಇನ್ನೊಂದು ಆವಿ ತೆಗೆದುಕೊಳ್ಳೋಕೆ ಇಟ್ಟ ನೀಲಗಿರಿ ಎಣ್ಣೆ. ಮಬ್ಬು ಬೆಳಕಿನಲ್ಲಿ, ನಿದ್ದೆಗಣ್ಣಿನಲ್ಲಿ, ಅಪ್ಪ ತಪ್ಪು ಬಾಟಲಿಯಿಂದ ಒಂದು ಚಮಚ ಕುಡಿಸಿಬಿಡುತ್ತಾರೆ. ಹೀಗಾಗುವುದು ಅಪರೂಪವಲ್ಲ. ಮಗು ತಾನೇ ಮುಚ್ಚಳ ತೆಗೆದು ಕುಡಿಯುವುದು ಒಂದು ದಾರಿಯಾದರೆ, ದೊಡ್ಡವರೇ ಪ್ರೀತಿಯಿಂದ ಕುಡಿಸುವುದು ಇನ್ನೊಂದು.

ಒಂದು ಚಮಚ ಅಂದ್ರೆ 5 ಮಿಲಿ. ಅಷ್ಟು ಎಣ್ಣೆ ಬಟ್ಟಿ ಇಳಿಸೋಕೆ ಸುಮಾರು ಕಾಲು ಕೆಜಿ ಎಲೆ ಬೇಕು. ಮಗುವಿನ ತೂಕದ ಲೆಕ್ಕದಲ್ಲಿ ನೋಡಿದರೆ, 60 ಕೆಜಿಯ ದೊಡ್ಡವರು ಐದು ಚಮಚ ಕುಡಿದ ಹಾಗೆ.

ಮೊದಲ ನಿಮಿಷ. ಮಗು ಮುಖ ಕಿವುಚುತ್ತದೆ, ಬಾಯಿ ಉರಿದು ಜೋರಾಗಿ ಅಳುತ್ತದೆ, ಕೆಮ್ಮುತ್ತದೆ. ಈ ಕೆಮ್ಮನ್ನು ದಯವಿಟ್ಟು ನೆನಪಿಡಿ.

ಈಗ ಕಾಗದ ನೋಡಿ. ಅಡುಗೆ ಎಣ್ಣೆಯ ಜಿಡ್ಡು ಹಾಗೇ ಕೂತಿದೆ. ನೀಲಗಿರಿ ಹನಿ ಆಗಲೇ ಆರುತ್ತಾ ಬಂದಿದೆ, ಅದರ ಘಾಟು ಮುಂದಿನ ಸಾಲಿನವರ ಮೂಗಿಗೂ ಬಡಿದಿರಬೇಕು. ಎರಡಕ್ಕೂ ಎಣ್ಣೆ ಅಂತಲೇ ಹೆಸರು. ಆದರೆ ಅಡುಗೆ ಎಣ್ಣೆ ಆಹಾರ, ಹೊಟ್ಟೆ ಅದನ್ನು ಜೀರ್ಣ ಮಾಡುತ್ತದೆ. ನೀಲಗಿರಿ ಎಣ್ಣೆಗೆ ನಿಜವಾದ ನೆಂಟ ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್. ಬಾಟಲಿಗೆ ಅಂಟಿದ ಸ್ಟಿಕರ್ ಗೋಂದನ್ನು ನೀಲಗಿರಿ ಎಣ್ಣೆ ಹಚ್ಚಿ ಬಿಡಿಸುತ್ತಾರಲ್ವಾ, ಅದು ಈ ಗುಣದಿಂದಲೇ.

ಇಷ್ಟು ತೆಳುವಾದದ್ದು ಗಂಟಲಲ್ಲಿ ನೇರವಾಗಿ ಇಳಿಯುವುದಿಲ್ಲ, ಹರಡುತ್ತದೆ. ಕೆಮ್ಮಿನ ಜೊತೆ ಉಸಿರು ಎಳೆದುಕೊಂಡಾಗ ಒಂದೆರಡು ಹನಿ ಶ್ವಾಸನಾಳಕ್ಕೆ ಜಾರಿದರೆ ಸಾಕು. ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಒಳಗೆ ಒಂದು ತೆಳು ಪದರ ಇರುವುದರಿಂದಲೇ ಅಂಟಿಕೊಳ್ಳದೆ ತೆರೆದಿರುತ್ತವೆ. ಎಣ್ಣೆ ಆ ಪದರವನ್ನು ಕೆಡಿಸುತ್ತದೆ. ಚೀಲಗಳು ಕುಸಿಯುತ್ತವೆ, ಊದುತ್ತವೆ, ನೀರು ತುಂಬಿಕೊಳ್ಳುತ್ತವೆ. ಮಗುವಿನ ಉಸಿರು ಜೋರಾಗುತ್ತದೆ, ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಸೆಳೆಯುತ್ತದೆ, ಜ್ವರ ಬರಬಹುದು. ಇದು ರೋಗಾಣುವಿನಿಂದ ಬಂದ ನ್ಯುಮೋನಿಯಾ ಅಲ್ಲ, ರಾಸಾಯನಿಕದ ಸುಟ್ಟಗಾಯದಂಥದ್ದು. ಕೆಲವು ಗಂಟೆಗಳಲ್ಲಿ ಶುರುವಾಗಿ ಒಂದೆರಡು ದಿನ ಹೆಚ್ಚುತ್ತಾ ಹೋಗಬಹುದು.

ಇದಕ್ಕೇ ಹೇಳುವುದು, ವಾಂತಿ ಮಾಡಿಸಬೇಡಿ. ನಮ್ಮ ಮಗುವಿನ ಅಜ್ಜಿಗೆ ವಿಷಯ ಗೊತ್ತಾದ ಕೂಡಲೇ ಗಂಟಲಿಗೆ ಬೆರಳು ಹಾಕೋಣ, ಉಪ್ಪುನೀರು ಕುಡಿಸೋಣ ಅನ್ನಿಸುತ್ತದೆ. ಒಳಗಿನ ವಿಷ ಹೊರಗೆ ಬರಲಿ ಅನ್ನುವ ಕಳಕಳಿ ಅದು, ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಹೊಟ್ಟೆಯಲ್ಲಿರುವ ಎಣ್ಣೆ ಮತ್ತೆ ಗಂಟಲಿಗೆ ಬಂದರೆ ಶ್ವಾಸನಾಳಕ್ಕೆ ಜಾರಲು ಎರಡನೇ ಅವಕಾಶ ಕೊಟ್ಟ ಹಾಗೆ. ಅದೂ ಮಗು ಮಂಪರಿಗೆ ಜಾರುತ್ತಿರುವ ಹೊತ್ತಿನಲ್ಲಿ.

ಆ ಮಂಪರಿನ ಕಥೆಗೆ ಬರುತ್ತೇನೆ. ನೀಲಗಿರಿ ಎಣ್ಣೆಯ ಬಹುಪಾಲು ಸಿನಿಯೋಲ್ ಅನ್ನುವ ವಸ್ತು. ಅದು ಕೊಬ್ಬಿನಲ್ಲಿ ಸುಲಭವಾಗಿ ಕರಗುತ್ತದೆ. ಹೊಟ್ಟೆ, ಕರುಳಿನಿಂದ ಬೇಗ ರಕ್ತಕ್ಕೆ ಸೇರುತ್ತದೆ, ರಕ್ತದಿಂದ ಮಿದುಳಿಗೆ ದಾಟುತ್ತದೆ. ಅಲ್ಲಿ ಎಚ್ಚರವನ್ನು ಮಂಕು ಮಾಡುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇದು ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ ಮೂರು ನಾಲ್ಕು ಗಂಟೆ ತಡವಾಗುವುದೂ ಉಂಟು. ನಡೆಯುವ ಮಗು ತೂರಾಡುತ್ತದೆ, ಮಾತು ತೊದಲುತ್ತದೆ, ಕುತ್ತಿಗೆ ವಾಲುತ್ತದೆ. ಆಮೇಲೆ ನಿದ್ದೆ. ಇನ್ನೂ ಆಳಕ್ಕೆ ಹೋದರೆ ಪ್ರಜ್ಞೆ ತಪ್ಪಿ ಉಸಿರು ನಿಧಾನವಾಗುತ್ತದೆ. ಕೆಲವು ಮಕ್ಕಳಿಗೆ ಫಿಟ್ಸ್ ಬರುತ್ತದೆ.

ನನ್ನನ್ನು ಹೆಚ್ಚು ಹೆದರಿಸುವುದು ಈ ನಿದ್ದೆಯೇ. ರಾತ್ರಿ ಹೊತ್ತು, ಕೆಮ್ಮಿ ಕೆಮ್ಮಿ ಸುಸ್ತಾದ ಮಗು, ಅತ್ತು ಸುಮ್ಮನಾಗಿ ಮಲಗಿತು ಅಂದ್ರೆ ಮನೆಯವರಿಗೆ ಸಮಾಧಾನ. 'ಪಾಪ, ಕೊನೆಗೂ ನಿದ್ದೆ ಹತ್ತಿತು' ಅಂತ ದೀಪ ಆರಿಸುತ್ತಾರೆ. ನಿಜವಾದ ನಿದ್ದೆಯಲ್ಲಿರುವ ಮಗುವಿನ ಕೆನ್ನೆ ತಟ್ಟಿದರೆ ಕೈ ತಳ್ಳುತ್ತದೆ, ರೇಗುತ್ತದೆ, ಮಗ್ಗುಲು ಬದಲಿಸುತ್ತದೆ. ಎಣ್ಣೆಯ ಮಂಪರಿನಲ್ಲಿರುವ ಮಗುವಿನ ಕೈ ಎತ್ತಿ ಬಿಟ್ಟರೆ ಧೊಪ್ಪನೆ ಬೀಳಬಹುದು. ಆದರೆ ಇದನ್ನು ಪರೀಕ್ಷೆ ಮಾಡುತ್ತಾ ಮನೆಯಲ್ಲಿ ಕೂರಬೇಡಿ. ಕುಡಿದದ್ದು ಗೊತ್ತಾದ ಕ್ಷಣವೇ ಹೊರಡಬೇಕು.

ಹೊರಡುವಾಗ ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಎಣ್ಣೆ ಚೆಲ್ಲಿದ ಅಂಗಿ ತೆಗೆಯಿರಿ. ತಿನ್ನಿಸುವುದು, ಕುಡಿಸುವುದು ಬೇಡ. ಮಂಪರಿದ್ದರೆ ಮಗ್ಗುಲಾಗಿ ಮಲಗಿಸಿ. ಫಿಟ್ಸ್ ಬಂದರೂ ಹಾಗೇ, ಬಾಯಿಗೆ ಏನನ್ನೂ ತುರುಕಬೇಡಿ. ತುರ್ತು ಸಂಖ್ಯೆಗೆ ಕರೆ ಮಾಡಿ. ಬಾಟಲಿಯನ್ನು ಮರೆಯದೆ ತನ್ನಿ. ಕುಡಿಯುವ ಮುಂಚೆ ಎಲ್ಲಿವರೆಗಿತ್ತು, ಈಗ ಎಲ್ಲಿವರೆಗಿದೆ ಅನ್ನುವುದರಿಂದ ನಮಗೆ ಒಂದು ಅಂದಾಜು ಸಿಗುತ್ತದೆ.

ಅಂದಾಜು ಅಂತಲೇ ಹೇಳುತ್ತೇನೆ, ಯಾಕಂದ್ರೆ ಅಳತೆಯನ್ನು ನಂಬಿ ಕೂರೋಕೆ ಆಗಲ್ಲ. ಜಾಸ್ತಿ ಕುಡಿದೂ ಏನೂ ಆಗದ ಮಕ್ಕಳಿದ್ದಾರೆ. ಒಂದು ಚಮಚಕ್ಕೇ ಪ್ರಜ್ಞೆ ತಪ್ಪಿದವರೂ ಇದ್ದಾರೆ. ಎಷ್ಟು ನುಂಗಿತು, ಎಷ್ಟು ಉಗುಳಿತು, ಎಷ್ಟು ಅಂಗಿಗೆ ಹೋಯಿತು ಯಾರಿಗೂ ಗೊತ್ತಿರುವುದಿಲ್ಲ.

ಆಸ್ಪತ್ರೆಯಲ್ಲಿ ನಾವು ಏನು ಮಾಡುತ್ತೇವೆ? ಈ ಎಣ್ಣೆಗೆ ಪ್ರತಿವಿಷ ಇಲ್ಲ. ಹೊಟ್ಟೆ ತೊಳೆಯಲು ಹೋಗುವುದಿಲ್ಲ, ಕಾರಣ ಆಗಲೇ ಹೇಳಿದೆ. ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಹಾಕುತ್ತೇವೆ, ಎಚ್ಚರವನ್ನು ಮತ್ತೆ ಮತ್ತೆ ನೋಡುತ್ತೇವೆ. ಫಿಟ್ಸ್ ಬಂದರೆ ನಿಲ್ಲಿಸುವ ಔಷಧಿ ಕೊಡುತ್ತೇವೆ. ಉಸಿರು ಸೋತರೆ ಕೊಳವೆ ಹಾಕಿ ಯಂತ್ರದಿಂದ ಉಸಿರಾಡಿಸುತ್ತೇವೆ. ಅಷ್ಟರಲ್ಲಿ ಯಕೃತ್ತು ಸಿನಿಯೋಲನ್ನು ಒಡೆದು ಮೂತ್ರದಲ್ಲಿ ಕಳಿಸುತ್ತಿರುತ್ತದೆ. ಸ್ವಲ್ಪ ಭಾಗ ಉಸಿರಲ್ಲೇ ಹೊರಬರುತ್ತದೆ, ಮಗುವಿನ ಬಾಯಿಯ ಹತ್ತಿರ ಬಗ್ಗಿದರೆ ನೀಲಗಿರಿ ವಾಸನೆ. ಏನೂ ತೊಂದರೆ ಕಾಣದ ಮಗುವನ್ನೂ ಕೆಲವು ಗಂಟೆ ಇಟ್ಟುಕೊಂಡು ನೋಡುತ್ತೇವೆ. 'ಚೆನ್ನಾಗೇ ಆಡ್ತಿದೆಯಲ್ಲ, ಕಳಿಸಿಬಿಡಿ' ಅಂತ ಒತ್ತಾಯ ಮಾಡಬೇಡಿ.

ಬೇರೆ ಎಣ್ಣೆಗಳ ದಾರಿ ಬೇರೆ. ಕರ್ಪೂರದ ಎಣ್ಣೆಯಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಫಿಟ್ಸ್ ಬರಬಹುದು. ಲವಂಗದ ಎಣ್ಣೆ ಯಕೃತ್ತನ್ನು ಕೆಡಿಸಬಲ್ಲದು. ನೋವಿಗೆ ಹಚ್ಚುವ ವಿಂಟರ್‌ಗ್ರೀನ್ ಎಣ್ಣೆಯ ಒಂದು ಚಮಚದಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆಗಳಷ್ಟು ವಿಷವಿದೆ. ಅದಕ್ಕೇ ಬಾಟಲಿ ತನ್ನಿ ಅಂದದ್ದು.

ಇನ್ನು ಮನೆಯಲ್ಲಿ. ಎಣ್ಣೆಯ ಬಾಟಲಿಯನ್ನು ಸಿರಪ್ ಇರುವ ಕಪಾಟಿನಲ್ಲಿ ಇಡಲೇಬೇಡಿ, ಬೇರೆ ಜಾಗದಲ್ಲಿ ಬೀಗ ಹಾಕಿಡಿ. ಬಾಟಲಿಯ ಬಾಯಲ್ಲಿ ಎಣ್ಣೆಯನ್ನು ಹನಿಹನಿಯಾಗಿ ಬೀಳಿಸುವ ಪ್ಲಾಸ್ಟಿಕ್ ತುಂಡು ಇರುತ್ತದಲ್ಲ, 'ಬೇಗ ಬೀಳಲ್ಲ' ಅಂತ ಅದನ್ನು ಕಿತ್ತು ಹಾಕಬೇಡಿ. ಮಗು ಬಾಟಲಿ ಎತ್ತಿ ಬಾಯಿಗಿಟ್ಟರೂ ಗಟಗಟ ಹರಿಯದಂತೆ ತಡೆಯುವುದು ಆ ತುಂಡೇ. ಆವಿ ಯಂತ್ರದ ಬಟ್ಟಲಲ್ಲಿ ಎಣ್ಣೆ ಉಳಿದಿದ್ದರೆ ನೆಲದ ಮೇಲೆ ಬಿಟ್ಟು ಮಲಗಬೇಡಿ. ಬೆಳಿಗ್ಗೆ ಮೊದಲು ಏಳುವುದು ಸಾಮಾನ್ಯವಾಗಿ ಮಗುವೇ.