ಟೋಕನ್ 214 ನೆನಪಿನಲ್ಲಿ ಉಳಿಯುವುದು ಹೇಗೆ?

ಸ್ನೇಹಿತರೇ, ವಾಕ್-ಇನ್ ಸಂದರ್ಶನ ಕೊಟ್ಟು ಬಂದ ಮೇಲೆ ಕಂಪನಿಗೆ ಕಳಿಸುವ ಮೇಲ್ ಹೇಗಿರಬೇಕು ಅನ್ನುವುದು ಇವತ್ತಿನ ಮಾತು. ವಾಕ್-ಇನ್ ಮುಗಿದ ಸಂಜೆ ಮೇಜಿನ ಆಚೆ ಬದಿಯಲ್ಲಿ ಏನು ನಡೆಯುತ್ತದೆ ಅನ್ನುವುದರಿಂದ ಶುರು ಮಾಡುತ್ತೇನೆ. ಮುನ್ನೂರು ಜನ ಬಂದಿದ್ದಾರೆ, ನಾಲ್ಕು ಮೇಜು ಇವೆ ಅಂದುಕೊಳ್ಳಿ. ಒಂದು ಮೇಜಿಗೆ 75 ಜನ. ಆರು ಗಂಟೆ ಕೂತರೂ ಒಬ್ಬರಿಗೆ ಐದು ನಿಮಿಷ ಸಿಗುವುದಿಲ್ಲ. ಸಂಜೆ ಎಚ್‌ಆರ್‌ನವರು ರೆಸ್ಯೂಮೆಗಳನ್ನು ಮೂರು ಕಟ್ಟು ಮಾಡುತ್ತಾರೆ: ಆಯ್ಕೆ, ಬೇಡ, ಹೋಲ್ಡ್. ಎಕ್ಸೆಲ್ ಹಾಳೆಯಲ್ಲಿ ನಿಮ್ಮ ಹೆಸರಿನ ಮುಂದೆ ಬೀಳುವುದು ‘ಓಕೆ’ ಅನ್ನುವಂಥ ಒಂದೆರಡು ಪದ, ಅಷ್ಟೇ. ನಿಮ್ಮ ಮೇಲ್ ಕೆಲಸಕ್ಕೆ ಬರುವುದು ಮುಖ್ಯವಾಗಿ ಆ ಹೋಲ್ಡ್ ಕಟ್ಟಿನಲ್ಲಿ. ‘ಬೇಡ’ ಅಂತ ಪಕ್ಕಕ್ಕಿಟ್ಟದ್ದನ್ನು ಮೇಲ್ ನೋಡಿ ವಾಪಸ್ ತೆಗೆಯುವುದು ಅಪರೂಪ.

ಆದ್ದರಿಂದ ಮೇಜಿನಿಂದ ಏಳುವ ಮೊದಲು ಮೂರು ವಿಷಯ ಕೇಳಿಕೊಳ್ಳಿ. ಮಾತಾಡಿಸಿದವರ ಹೆಸರು, ಅವರಿಗೆ ನೇರವಾಗಿ ತಲುಪುವ ಮೇಲ್ ಐಡಿ, ಆಯ್ಕೆಯಾದವರು ಕೆಲಸಕ್ಕೆ ಸೇರಬೇಕಾದ ದಿನ. ಈ ಮೂರನೆಯದನ್ನು ಕೇಳುವವರು ಕಡಿಮೆ. ಅದೇಕೆ ಬೇಕು ಅನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ. ಹೊರಗೆ ಬಂದ ಕೂಡಲೇ ಟೋಕನ್ ಚೀಟಿಯ ಹಿಂಬದಿಯಲ್ಲಿ ಬರೆದುಕೊಳ್ಳಿ: ಏನು ಕೇಳಿದರು, ಎಲ್ಲಿ ತಡವರಿಸಿದೆ. ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಅರ್ಧ ಮರೆತಿರುತ್ತದೆ.

ಈಗ ಒಂದು ಉದಾಹರಣೆ ನೋಡೋಣ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫೌಂಡ್ರಿಗೆ ಕ್ವಾಲಿಟಿ ಟ್ರೈನಿ ಬೇಕು. ಹೊಸನಗರ ಕಡೆಯ ಡಿಪ್ಲೊಮಾ ಹುಡುಗನೊಬ್ಬ ಹೋಗಿದ್ದಾನೆ, ಟೋಕನ್ 214. ‘ಎರಕದಲ್ಲಿ ಬ್ಲೋಹೋಲ್ ಯಾಕೆ ಬರುತ್ತದೆ?’ ಅಂದರು, ‘ಗಾಳಿ ಸೇರಿ’ ಅಂದು ನಿಲ್ಲಿಸಿಬಿಟ್ಟ. ಅವನ ಮೇಲ್‌ನ ಸಬ್ಜೆಕ್ಟ್ ಹೀಗಿರಬೇಕು:

```
Token 214 | Walk-in Shivamogga, 14 June | QC Trainee | Name | Mobile
```

ಎಚ್‌ಆರ್‌ನವರು ನಿಮ್ಮನ್ನು ಹುಡುಕುವುದು ಟೋಕನ್ ನಂಬರಿನಿಂದಲೋ ಮೊಬೈಲ್ ನಂಬರಿನಿಂದಲೋ. ಮೇಳದಲ್ಲಿ ಒಂದೇ ಹೆಸರಿನವರು ನಾಲ್ಕು ಜನ ಇರಬಹುದು. ಸಬ್ಜೆಕ್ಟಿನಲ್ಲಿ ಬರೀ `Resume` ಅಂತ ಬರೆದರೆ ಅಂಥದ್ದೇ ನೂರರ ನಡುವೆ ಅದೂ ಕಳೆದುಹೋಗುತ್ತದೆ. ಲಗತ್ತಿಸುವ ಪಿಡಿಎಫ್‌ಗೂ ಅದೇ ಗುರುತು ಕೊಡಿ: `Name_QC_Token214.pdf`.

ಒಳಗೆ ಐದಾರು ಸಾಲು ಸಾಕು. ಮೊದಲ ಸಾಲಿನಲ್ಲಿ ಯಾವ ಮೇಜು, ಸುಮಾರು ಎಷ್ಟು ಹೊತ್ತಿಗೆ. ಆಮೇಲೆ ಆ ಬ್ಲೋಹೋಲ್ ಪ್ರಶ್ನೆ. ‘ನೀವು ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಡಲಿಲ್ಲ. ಹಸಿ ಮರಳಿನ ಅಚ್ಚಿನಲ್ಲಿ ತೇವ ಹೆಚ್ಚಿದ್ದರೆ ಕಾದ ಲೋಹ ತಾಗಿ ಆವಿ ಏಳುತ್ತದೆ. ಮರಳನ್ನು ತೀರಾ ಬಿಗಿಯಾಗಿ ಅದುಮಿದ್ದರೆ, ಇಲ್ಲವೇ ವೆಂಟ್ ಸಾಲದಿದ್ದರೆ, ಆವಿ ಹೊರಗೆ ಹೋಗದೆ ಲೋಹದೊಳಗೆ ಗುಳ್ಳೆಯಾಗಿ ಉಳಿಯುತ್ತದೆ. ಮೊದಲು ಮರಳಿನ ತೇವ ಪರೀಕ್ಷಿಸುತ್ತೇನೆ.’ ಇದನ್ನು ಓದಿದವರಿಗೆ ಆ ಹುಡುಗನ ಮುಖ ನೆನಪಾಗುತ್ತದೆ, ಏಕೆಂದರೆ ಪ್ರಶ್ನೆ ಅವರದೇ. ‘ಅವಕಾಶಕ್ಕೆ ಧನ್ಯವಾದ, ನಾನು ಶ್ರಮಜೀವಿ’ ಅನ್ನುವ ಸಾಲನ್ನು ಉಳಿದವರೂ ಬರೆದಿರುತ್ತಾರೆ. ಇಂಗ್ಲಿಷ್ ಸರಳವಾಗಿದ್ದರೆ ಸಾಕು. ಆದರೆ ಉತ್ತರ ಸರಿಯಾಗಿರಲೇಬೇಕು. ಪುಸ್ತಕ ತೆಗೆದು ನೋಡಿ, ನಿಮ್ಮ ಮಾತಿನಲ್ಲೇ ಬರೆಯಿರಿ.

ಮೇಲ್ ಮರುದಿನ ಬೆಳಿಗ್ಗೆ ಹತ್ತರೊಳಗೆ ಅವರ ಇನ್‌ಬಾಕ್ಸಿನಲ್ಲಿರಲಿ. ನಗರ, ನಿಟ್ಟೂರಿನಂಥ ಊರುಗಳ ಕಡೆಗೆ ಹೋಗುವವರು ಶಿವಮೊಗ್ಗದಲ್ಲಿ ಬಸ್ ಹತ್ತುವ ಮೊದಲೇ ಬರೆದು, ಜಿಮೇಲ್‌ನ `Schedule send` ಒತ್ತಿ ಬೆಳಿಗ್ಗೆ ಒಂಬತ್ತಕ್ಕೆ ಇಟ್ಟುಬಿಡಿ. ಆಗ ಮನೆಯಲ್ಲಿ ನೆಟ್ ಇಲ್ಲದಿದ್ದರೂ ಅದು ಹೋಗುತ್ತದೆ.

ನಮ್ಮ ಮಲೆನಾಡಿನಲ್ಲಿ ಕೆಲಸ ಕೈತಪ್ಪುವ ಇನ್ನೊಂದು ದಾರಿ ಫೋನು. ಮಳೆಗಾಲದಲ್ಲಿ ಕರೆಂಟ್ ಹೋಗಿ, ಟವರಿನ ಬ್ಯಾಟರಿಯೂ ಮುಗಿದರೆ ಇಡೀ ಊರಿಗೇ ಸಿಗ್ನಲ್ ಇರುವುದಿಲ್ಲ. ಎಚ್‌ಆರ್‌ನವರು ಒಂದೆರಡು ಸಲ ಮಾಡಿ ನೋಡಿ, ‘ನಾಟ್ ರೀಚಬಲ್’ ಅಂತ ಬರೆದು ಮುಂದಿನ ಹೆಸರಿಗೆ ಹೋಗುತ್ತಾರೆ. ಪೇಟೆಯಲ್ಲಿರುವ ಅತ್ತೆ, ಮಾವ, ಗೆಳೆಯ ಯಾರದಾದರೂ ನಂಬರನ್ನು ಮೇಲ್‌ನಲ್ಲಿ ಎರಡನೆಯದಾಗಿ ಕೊಡಿ. ಯಾವ ಕಂಪನಿ, ಯಾವ ಹುದ್ದೆ ಅನ್ನುವುದನ್ನು ಅವರಿಗೆ ಮೊದಲೇ ತಿಳಿಸಿರಿ. ಇಲ್ಲದಿದ್ದರೆ ಅವರು ‘ರಾಂಗ್ ನಂಬರ್’ ಅಂದುಬಿಡುತ್ತಾರೆ.

ಇನ್ನು ಸೇರುವ ದಿನದ ವಿಚಾರ. ಆಯ್ಕೆಯಾದ ಎಲ್ಲರೂ ಆ ದಿನ ಬಂದು ಸೇರುವುದಿಲ್ಲ. ಒಬ್ಬರಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿರುತ್ತದೆ, ಇನ್ನೊಬ್ಬರಿಗೆ ರಾತ್ರಿ ಶಿಫ್ಟ್ ಒಗ್ಗುವುದಿಲ್ಲ. ಹೋಲ್ಡ್ ಕಟ್ಟು ಮತ್ತೆ ಬಿಚ್ಚುವುದು ಆಗಲೇ. ಎರಡು ದಿನಕ್ಕೊಮ್ಮೆ ‘ಏನಾಯ್ತು ಸಾರ್’ ಅಂತ ವಾಟ್ಸಾಪ್ ಮಾಡಿದವರ ನಂಬರ್ ಅಷ್ಟರಲ್ಲಿ ಬ್ಲಾಕ್ ಆಗಿರಬಹುದು. ನೀವು ಎರಡನೇ ಮೇಲ್ ಅನ್ನು ಆ ದಿನಕ್ಕೇ ಉಳಿಸಿಕೊಳ್ಳಿ. ಹೊಸದಾಗಿ ಬರೆಯದೆ, ಮೊದಲು ಕಳಿಸಿದ ಮೇಲ್‌ಗೇ `Reply` ಒತ್ತಿ. ಟೋಕನ್, ಬ್ಲೋಹೋಲ್ ಎಲ್ಲ ಅದರ ಕೆಳಗೇ ಸಿಗುತ್ತದೆ. ಲಗತ್ತು ಮಾತ್ರ `Reply` ಜೊತೆ ಹೋಗುವುದಿಲ್ಲ, ರೆಸ್ಯೂಮೆಯನ್ನು ಮತ್ತೆ ಲಗತ್ತಿಸಿ. ಎರಡೇ ಸಾಲು: ‘ಹುದ್ದೆ ಖಾಲಿ ಉಳಿದಿದ್ದರೆ ಎರಡು ದಿನದಲ್ಲಿ ಬಂದು ಸೇರಬಲ್ಲೆ. ಭದ್ರಾವತಿಯಲ್ಲಿ ಉಳಿಯಲು ರೂಮಿನ ವ್ಯವಸ್ಥೆ ಆಗಿದೆ, ಮೂರೂ ಶಿಫ್ಟಿಗೆ ಬರುತ್ತೇನೆ.’ ನಿಜವಾಗಿದ್ದರೆ ಮಾತ್ರ ಹೀಗೆ ಬರೆಯಿರಿ. ಮರುದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಒಂದು ಫೋನ್ ಮಾಡಿ, ಹೆಸರಿಗಿಂತ ಮೊದಲು ಟೋಕನ್ ನಂಬರ್ ಹೇಳಿ.